ಫಾರ್ವರ್ಡ್ ಆದ್ರೆ ಪಾಸಾತು ಅಂತ ಅಲ್ಲ

ಕೊನೆಕೊಯ್ಲು ಮುಗಿದು, ಅಡಿಕೆ ಅಟ್ಟ ಏರಿದ ಮೇಲೆ ಸ್ವಲ್ಪ ಪುರಸೊತ್ತಾಗಿದೆ. ಹೋದ ವಾರ ಇಬ್ಬರು ಫೋನ್ ಮಾಡಿ "ಪೌತಿ ಖಾತೆಗೆ ಅರ್ಜಿ ಕೊಟ್ಟಿದ್ದೆ, ಆನ್ ಹೋಲ್ಡ್ ಅಂತ ಬಂತು, ಹಂಗಂದ್ರೆ ಎಂತದು?" ಅಂತ ಕೇಳಿದ್ರು. ನಾನು ಇದೇ ಶಬ್ದಗಳ ಅರ್ಥ ತಿಳಿಯದೆ ಒಂದು ವರ್ಷ ಕಳೆದವ. ಅದಕ್ಕೇ ಇವತ್ತು ತೋಟದ ಸುದ್ದಿ ಬಿಟ್ಟು ಇದನ್ನು ಬರೀತಿದ್ದೇನೆ.

ಅಪ್ಪ ತೀರಿಕೊಂಡ ಮೇಲೆ ಪಹಣಿ ಅವರ ಹೆಸರಲ್ಲೇ ಇತ್ತು. ಸೊಸೈಟಿಯಲ್ಲಿ ಬೆಳೆಸಾಲ ನವೀಕರಣಕ್ಕೆ ಹೋದಾಗ "ಪಹಣಿ ನಿಮ್ಮ ಹೆಸರಿಗೆ ಆಗಲಿ, ಆಮೇಲೆ ನೋಡುವ" ಅಂದ್ರು. ಸಾಲ ಇಲ್ಲ ಅಂದ್ರೆ ಗೊಬ್ಬರ ಇಲ್ಲ, ಮದ್ದು ಹೊಡೆಸಲಿಕ್ಕೆ ಕೈಯಲ್ಲಿ ದುಡ್ಡಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲರ ಆಧಾರ್ ಜೋಡಿಸಿ ಪೌತಿಗೆ ಅರ್ಜಿ ಹಾಕಿದೆ. ಸಕಾಲದ ಸ್ವೀಕೃತಿ ಚೀಟಿ ಕೊಟ್ರು. ಅದನ್ನು ಮಡಚಿ ಅಂಗಿ ಕಿಸೆಗೆ ಹಾಕಿಕೊಂಡು ಬಂದೆ.

ಮೊದಲ ತಪ್ಪು ಅಲ್ಲೇ ಆತು. ಅರ್ಜಿ ತುಂಬಿಕೊಟ್ಟ ಅಂಗಡಿಯವ ಮೊಬೈಲ್ ನಂಬರ್ ಜಾಗದಲ್ಲಿ ತನ್ನದನ್ನೇ ಹಾಕಿದ್ದ. ನಮ್ಮ ಕೇರಿಯಲ್ಲಿ ನೆಟ್‌ವರ್ಕ್ ಬೇಕಾದ್ರೆ ಗುಡ್ಡ ಹತ್ತಬೇಕು, ಮೆಸೇಜು ಬಾರದ್ದು ಅದಕ್ಕೇ ಇರಬೇಕು ಅಂದುಕೊಂಡು ಸುಮ್ಮನಿದ್ದೆ. ಸ್ವೀಕೃತಿ ಕೈಗೆ ಬಂದ ಕೂಡಲೇ ಮೂರು ನೋಡಿಕೊಳ್ಳಿ: ಮೊಬೈಲ್ ನಂಬರ್ ನಿಮ್ಮದೇ ಹೌದೋ, ಸರ್ವೆ ನಂಬರ್ ಸರಿ ಇದೆಯೋ, ಕೆಲಸ ಮುಗಿಸಿಕೊಡಬೇಕಾದ ಕೊನೆಯ ತಾರೀಖು ಯಾವುದು.

ಒಂದು ತಿಂಗಳ ಮೇಲೆ ಮಗ ನಂಬರ್ ಹಾಕಿ ನೋಡಿದ. 'ಪರಿಶೀಲನೆಯಲ್ಲಿದೆ' ಅಂತ ಇತ್ತು. ಕೆಲವು ಸೇವೆಯಲ್ಲಿ ಇದನ್ನೇ ಅಂಡರ್ ಸ್ಕ್ರುಟಿನಿ ಅಂತಾರೆ. ಪೌತಿ ಅರ್ಜಿಯಲ್ಲಿ ಈ ಹಂತಕ್ಕೆ ಒಂದು ಕಾರಣ ಉಂಟು. ನಾವು ಈಗಲೂ ಶಾನುಭೋಗರು ಅಂತಲೇ ಕರೆಯುವ ಗ್ರಾಮ ಆಡಳಿತಾಧಿಕಾರಿ ಕಾಗದ ನೋಡಬೇಕು, ವಾರಸುದಾರರಿಗೆ ನೋಟಿಸು ಹೋಗಬೇಕು, ಯಾರದ್ದಾದ್ರೂ ತಕರಾರು ಇದ್ರೆ ಹೇಳಲಿಕ್ಕೆ ದಿನ ಕೊಡಬೇಕು. ಆ ಅವಧಿ ಮುಗಿಯುವ ಮುಂಚೆ ದಿನಾ ಕಚೇರಿಗೆ ಅಲೆದ್ರೆ ಬಸ್ ಚಾರ್ಜು ದಂಡ. ಕೇಳಬೇಕಾದ್ದು ಒಂದೇ: "ನೋಟಿಸು ಹೊರಟಿದೆಯಾ? ಅವಧಿ ಯಾವತ್ತು ಮುಗೀತದೆ?" ನೋಟಿಸೇ ಹೊರಡದಿದ್ರೆ ಅರ್ಜಿ ಇನ್ನೂ ಹೊರಡಲೇ ಇಲ್ಲ ಅಂತ ಅರ್ಥ. ಹೊರಟಿದ್ರೆ ಆ ತಾರೀಖಿನ ತನಕ ಮನೆಯಲ್ಲಿ ಕೂರಬಹುದು.

ಆಮೇಲೆ ಒಂದಿನ 'ಫಾರ್ವರ್ಡೆಡ್' ಅಂತ ಬಂತು. ನನಗೆ ಖುಷಿಯೋ ಖುಷಿ. ಮನೆಯವಳಿಗೆ "ಪಹಣಿ ಆತು, ನಾಳೆ ಸೊಸೈಟಿಗೆ ಹೋಗ್ತೆ" ಅಂದೆ. ಸೊಸೈಟಿಯವರು ಪಹಣಿ ತೆಗೆಸಿ ನೋಡಿದ್ರೆ ಅಪ್ಪನ ಹೆಸರೇ! ಆಗ ಕಚೇರಿಯಲ್ಲಿ ಒಬ್ಬರು ಹೇಳಿದ ಮಾತು ಇವತ್ತಿಗೂ ನೆನಪಿದೆ. "ಫಾರ್ವರ್ಡ್ ಅಂದ್ರೆ ಮೇಜು ಬದಲಾದದ್ದು ಅಷ್ಟೆ ಮಾರಾಯ್ರೆ. ಕೆಳಗಿನವರು ನೋಡಿ ಮೇಲಿನವರಿಗೆ ಕಳಿಸಿದ್ದಾರೆ. ಒಪ್ಪಿಗೆ ಕೊಡೋದು ಅವರು." ಪೌತಿಯಲ್ಲಿ ಮೇಲಿನವರು ಅಂದ್ರೆ ಹೋಬಳಿಯ ಆರ್‌ಐ, ಅಂದ್ರೆ ಕಂದಾಯ ನಿರೀಕ್ಷಕರು. ಹಾಗಾಗಿ ಫಾರ್ವರ್ಡ್ ಅಂತ ಕಂಡ್ರೆ ಈಗ ಯಾರ ಹತ್ತಿರ ಇದೆ, ಯಾವ ತಾರೀಖಿನಿಂದ ಇದೆ ಅಂತ ಬರೆದುಕೊಳ್ಳಿ. ಮುಂದೆ ವಿಚಾರಿಸುವಾಗ ಆ ಮೇಜಿನ ಹತ್ತಿರವೇ ಹೋಗಿ. ನಾನು ಮೊದಲಿನ ಮೇಜಿಗೇ ನಾಲ್ಕು ಸಲ ಹೋಗಿ ಬಂದೆ. ಫೈಲು ಅಲ್ಲಿ ಇರಲೇ ಇಲ್ಲ.

ಮೂರನೆಯದೇ 'ಆನ್ ಹೋಲ್ಡ್', ತಡೆಹಿಡಿಯಲಾಗಿದೆ. ಅದನ್ನು ಕಂಡು ಅರ್ಜಿ ಸತ್ತೇ ಹೋತು ಅಂತ ತಿಳಿದು ಬೇರೆ ಕೇಂದ್ರದಲ್ಲಿ ಹೊಸ ಅರ್ಜಿ ಹಾಕಿದೆ. ಅದು ನನ್ನ ದೊಡ್ಡ ತಪ್ಪು. ಒಂದೇ ಜಮೀನಿಗೆ ಎರಡು ನಂಬರಾತು. ಹೊಸದು, ಹಳೆಯದು ಬಾಕಿ ಇದೆ ಅಂತ ತಿರಸ್ಕಾರ ಆತು. ಹಳೆಯದು ಹಾಗೇ ಕೂತಿತ್ತು.

ಕಡೆಗೆ ಷರಾ ಏನು ಬರೆದಿದ್ದಾರೆ ಅಂತ ಕೇಳಿದೆ. ಪಹಣಿಯಲ್ಲಿ ಅಪ್ಪನ ಹೆಸರು 'ಗಣಪ ಬಿನ್ ಮಂಜ'. ಮರಣ ಪ್ರಮಾಣಪತ್ರದಲ್ಲಿ 'ಗಣಪತಿ ಮಂಜುನಾಥ'. ನಮಗೆ ಇಬ್ಬರೂ ಒಬ್ಬರೇ, ಕಾಗದಕ್ಕೆ ಇಬ್ಬರು ಬೇರೆ ಬೇರೆ. ನಮ್ಮ ಕಡೆ ಹಳೇ ಪಹಣಿಯಲ್ಲಿ ಇಂಥ ಮೊಟಕು ಹೆಸರು ಎಷ್ಟೋ ಇವೆ. ಎರಡೂ ಹೆಸರು ಒಬ್ಬನದ್ದೇ ಅಂತ ನೋಟರಿ ಮುಂದೆ ಪ್ರಮಾಣಪತ್ರ ಮಾಡಿಸಿದೆ. ಜೊತೆಗೆ ಎರಡೂ ಹೆಸರನ್ನು ಜೋಡಿಸುವ ಹಳೇ ಸಾಲದ ಪತ್ರವೊಂದು ಪೆಟ್ಟಿಗೆಯಲ್ಲಿ ಸಿಕ್ಕಿತು. ಹಳೇ ನಂಬರನ್ನೇ ಬರೆದು, ಒಂದು ಅರ್ಜಿಯ ಜೊತೆ ಇವನ್ನು ಕೊಟ್ಟು, ನನ್ನ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡೆ. ಆಮೇಲೆ ಫೈಲು ಅಲ್ಲಾಡಿತು.

ಆದ್ರೆ ಹೋಲ್ಡ್ ಎಲ್ಲ ಒಂದೇ ತರ ಅಲ್ಲ. ಯಲ್ಲಾಪುರ ಕಡೆಯ ಗೆಳೆಯನಿಗೂ ಇದೇ ಶಬ್ದ ಬಂದಿತ್ತು. ನನ್ನದು ನೋಡಿ ಅವನೂ ಪ್ರಮಾಣಪತ್ರ ಮಾಡಿಸಿದ. ಏನೂ ಆಗಲಿಲ್ಲ. ಅವನ ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ತಂಗಿಯ ಹೆಸರು ಬಿಟ್ಟುಹೋಗಿತ್ತು, ಅವಳು ತಕರಾರು ಕೊಟ್ಟಿದ್ದಳು. ಅವಳು ಕೇಳಿದ್ದು ನ್ಯಾಯವೇ. ಅಪ್ಪ ಉಯಿಲು ಬರೆಯದೆ ಹೋದ್ರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ವಾರಸುದಾರರು. ತಕರಾರು ಬಿದ್ರೆ ಅದು ವಿವಾದದ ಪ್ರಕರಣವಾಗಿ ವಿಚಾರಣೆಗೆ ಹೋಗ್ತದೆ. ಅಲ್ಲಿ ಮೇಜು ಹುಡುಕಿ ಪ್ರಯೋಜನ ಇಲ್ಲ, ವಿಚಾರಣೆಯ ತಾರೀಖಿಗೆ ಕಾಗದ ಹಿಡಿದು ಹೋಗಬೇಕು. ಆದೇಶ ಒಪ್ಪಿಗೆ ಆಗದಿದ್ರೆ ಮೇಲ್ಮನವಿ ಎಸಿಯವರಿಗೆ. ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆಲ್ಲ ಅದು ಶಿರಸಿಯ ಉಪವಿಭಾಗಾಧಿಕಾರಿ ಕಚೇರಿ. ಗೆಳೆಯ ಮಾತ್ರ ಅಲ್ಲಿಗೆ ಹೋಗಲಿಲ್ಲ, ತಂಗಿಯ ಮನೆಗೆ ಹೋದ. ಅವಳ ಹೆಸರು ಸೇರಿಸಿ ವಂಶವೃಕ್ಷ ಹೊಸದಾಗಿ ಮಾಡಿಸಿ ಜಂಟಿ ಖಾತೆ ಆತು.

ಹಾಗಾಗಿ ಹೋಲ್ಡ್ ಅಂತ ಕಂಡ್ರೆ ಮೊದಲು ಕೇಳಿ: ಕಾಗದದ ಕೊರತೆಯೋ, ಯಾರದ್ದಾದ್ರೂ ತಕರಾರೋ? ಕಾರಣ ತಿಳಿಯದೆ ಮದ್ದು ಹೊಡೆಯಬೇಡಿ. ಕೊಳೆಗೆ ಹೊಡೆಯುವ ಬೋರ್ಡೋ ನುಸಿಗೆ ತಾಗ್ತದಾ?

ಇನ್ನೆರಡು ಮಾತು. 'ವಿಲೇವಾರಿ' ಅಂತ ಬಂದ್ರೆ ಕೆಲಸ ಆತು ಅಂತ ನಂಬಬೇಡಿ. ತಿರಸ್ಕಾರ ಮಾಡಿ ಮುಗಿಸಿದ್ದೂ ವಿಲೇವಾರಿಯೇ. ತಿರಸ್ಕಾರ ಆಗಿದ್ರೆ, ಇಲ್ಲವೇ ಸ್ವೀಕೃತಿಯಲ್ಲಿದ್ದ ಕೊನೆಯ ತಾರೀಖು ದಾಟಿದ್ರೆ, ಸಕಾಲ ಕಾಯ್ದೆಯಲ್ಲಿ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ತಡವಾದ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದ್ರೆ 500 ರೂಪಾಯಿ ಪರಿಹಾರವೂ ಆ ಕಾಯ್ದೆಯಲ್ಲೇ ಇದೆ. ದುಡ್ಡು ದೊಡ್ಡದಲ್ಲ, ಆದ್ರೆ ಮೇಲ್ಮನವಿ ಬಿದ್ರೆ ಫೈಲು ಯಾಕೆ ನಿಂತಿದೆ ಅಂತ ಮೇಲಿನ ಅಧಿಕಾರಿ ಕೇಳಲೇಬೇಕಾಗ್ತದೆ.

'ಅನುಮೋದನೆ' ಅಂತ ಬಂದ ಮೇಲೂ ಹೊಸ ಪಹಣಿ ತೆಗೆಸಿ 9ನೇ ಕಾಲಂ ಕಣ್ಣಾರೆ ನೋಡಿ. ಅಲ್ಲಿ ಹೆಸರು ಬಂದ್ರೆ ಮಾತ್ರ ಕೆಲಸ ಮುಗೀತು. ನನ್ನದರಲ್ಲಿ ಆಯಿ, ನಾನು, ತಮ್ಮ, ತಂಗಿ ನಾಲ್ಕೂ ಹೆಸರು ಬಂದಿದೆ. ಸಾಲಕ್ಕೆ ನಾಲ್ವರ ಸಹಿಯೂ ಬೇಕಾತು, ತಂಗಿ ಕುಮಟೆಯಿಂದ ಬಸ್ ಹತ್ತಿ ಬಂದು ಸಹಿ ಹಾಕಿದಳು. ಹೋಗುವಾಗ "ಅಣ್ಣ, ಈ ವರ್ಷ ಕೊಳೆಮದ್ದು ಹೊತ್ತಿಗೆ ಸರಿ ಹೊಡೆಸು" ಅಂತ ಹೇಳಿ ಹೋದಳು. ಹೋದ ವರ್ಷ ದುಡ್ಡಿಲ್ಲದೆ ಎರಡನೇ ಸಲದ ಮದ್ದು ಬಿಟ್ಟಿದ್ದು, ಉದುರಿದ ಕಾಯಿ ಹೆಕ್ಕಿದ್ದು ಅವಳಿಗೂ ಗೊತ್ತು.

ನಿಮ್ಮ ಅರ್ಜಿಯಲ್ಲಿ ಎಂತಾ ಷರಾ ಬಂದಿದೆ ಅಂತ ಬರೆಯಿರಿ. ಅರ್ಜಿ ನಂಬರ್, ಆಧಾರ್ ಮಾತ್ರ ಇಲ್ಲಿ ಹಾಕಬೇಡಿ.