ಸಂಚಾಲಕಿ ಬದಲಾಗಿದ್ದಾರೆ, ವಾಯಿದೆ ಬದಲಾಗಿಲ್ಲ



ನಮ್ಮ ತಾಲ್ಲೂಕಿನ ದೌರ್ಜನ್ಯ ಪ್ರಕರಣಗಳ ತಂಡದ ಸಂಚಾಲಕನ ಜವಾಬ್ದಾರಿಯನ್ನ ನಿನ್ನೆ ತಂಗಿಯೊಬ್ಬಳ ಕೈಗೆ ಕೊಟ್ಟೆ. ಕೊಟ್ಟಿದ್ದು ಇಷ್ಟೇ: ಕೇಸಿನ ಫೈಲುಗಳು, ವಾಯಿದೆ ಬರೆದಿಟ್ಟ ಒಂದು ನೋಟ್‌ಬುಕ್ಕು. ಹಾರ, ಶಾಲು ಬೇಡ ಅಂದೆ. ಬದಲಿಗೆ ಆ ನೋಟ್‌ಬುಕ್ಕಲ್ಲಿರೋ ಒಂದು ಕೇಸನ್ನ ನಿಮ್ಮೆಲ್ಲರ ಮುಂದೆ ಇಡ್ತೀನಿ. ಇದು ಅರ್ಥವಾದ್ರೆ ಮಿಕ್ಕಿದ ಫೈಲುಗಳೂ ಅರ್ಥವಾಗ್ತವೆ.

ಮೂರು ವರ್ಷದ ಹಿಂದೆ ಕೇರಿಯ ಅಕ್ಕ ಒಬ್ಬರು, ಬಾಕಿ ಇದ್ದ ಕೂಲಿ ಕೇಳಿದ್ದಕ್ಕೆ ಹಾಲಿನ ಡೇರಿ ಮುಂದೆ ಜಾತಿ ಹಿಡಿದು ಬೈಸಿಕೊಂಡರು. ಠಾಣೆಯಲ್ಲಿ ಬರೆದುಕೊಂಡ ದೂರಲ್ಲಿ ಇದ್ದಿದ್ದು "ಹಣದ ವಿಚಾರಕ್ಕೆ ಜಗಳ" ಅಂತ. ಅದಕ್ಕೆ ಸಹಿ ಹಾಕಿದ್ರೆ ಕೇಸು ಅಲ್ಲೇ ಸತ್ತುಹೋಗ್ತಿತ್ತು. ನಾವು ಬೇರೆ ದೂರು ಬರೆದೆವು: ಆತ ಆಡಿದ ಮಾತು ಆಡಿದ ಹಾಗೇ, ಅಕ್ಕನ ಜಾತಿ, ಆತನ ಜಾತಿ, ಜಾಗ, ಹೊತ್ತು, ಅಲ್ಲಿದ್ದವರ ಹೆಸರು. ಕಲಂ 3(1)(ಆರ್) ಮತ್ತು (ಎಸ್) ನಿಲ್ಲಬೇಕಾದ್ರೆ ಅವಮಾನ ಸಾರ್ವಜನಿಕರ ಕಣ್ಣೆದುರು ನಡೆದಿರಬೇಕು. ನಾಲ್ಕು ಗೋಡೆ ಒಳಗೆ, ಹೊರಗಿನವರು ಯಾರೂ ಇಲ್ಲದಾಗ ಬೈದರೆ ಈ ಕಲಂ ನಿಲ್ಲಲ್ಲ ಅಂತ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಇಲ್ಲಿ ಜನ ಇದ್ದರು. ಯಾರು ಇದ್ದರು ಅನ್ನೋದಕ್ಕೆ ಡೇರಿಯ ಪುಸ್ತಕವೇ ಪುರಾವೆ. ಆ ಬೆಳಿಗ್ಗೆ ಹಾಲು ಹಾಕಿದ ಐದು ಜನರ ಲೆಕ್ಕ ಅದರಲ್ಲಿತ್ತು.

"ಮೊದಲು ವಿಚಾರಿಸ್ತೀವಿ, ಆಮೇಲೆ ಎಫ್ಐಆರ್" ಅಂದರು. 2018ರ ತಿದ್ದುಪಡಿಯಲ್ಲಿ ಬಂದ 18ಎ ಪ್ರಕಾರ ಎಫ್ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ. ಅದನ್ನ ಪ್ರಿಂಟ್ ಹಾಕಿಸಿ ಮೇಜಿನ ಮೇಲಿಟ್ಟೆವು. ರಾತ್ರಿ ಹತ್ತಕ್ಕೆ ಎಫ್ಐಆರ್ ಆಯ್ತು, ಪ್ರತಿ ಉಚಿತವಾಗಿ ಸಿಕ್ತು. ಮಾರನೇ ದಿನವೇ ಅಕ್ಕನ ಮೇಲೆ ಕೌಂಟರ್ ಕೇಸು. ಇದು ಹೆಚ್ಚುಕಮ್ಮಿ ಪ್ರತಿ ಸಲ ಬರುತ್ತೆ. ಅದರಿಂದ ನಮ್ಮ ಕೇಸು ರದ್ದಾಗಲ್ಲ. ಆದ್ರೆ ಮನೆಯವರು ಹೆದರಿ ರಾಜಿಗೆ ಒಪ್ಪೋದು ಆ ವಾರದಲ್ಲೇ. ಅದಕ್ಕೇ ಆ ಏಳು ದಿನ ನಮ್ಮವರೊಬ್ಬರು ದಿನಾ ಸಂಜೆ ಅಲ್ಲಿಗೆ ಹೋಗಲೇಬೇಕು.

ಈ ಕಲಮಿಗೆ ಪರಿಹಾರ ಒಂದು ಲಕ್ಷ. ಎಫ್ಐಆರ್ ಹಂತದಲ್ಲಿ ಕಾಲು ಭಾಗ, ಆರೋಪಪಟ್ಟಿ ಕೋರ್ಟಿಗೆ ಹೋದಾಗ ಅರ್ಧ, ಶಿಕ್ಷೆಯಾದ ಮೇಲೆ ಉಳಿದ ಕಾಲು. ಮೊದಲ ಕಂತು ಬಂದ ತಕ್ಷಣ ಊರಲ್ಲಿ "ದುಡ್ಡಿಗೋಸ್ಕರ ಕೇಸು" ಅಂತ ಶುರುವಾಗುತ್ತೆ. ಅಕ್ಕ ಕೊಟ್ಟ ಉತ್ತರ ನನಗೆ ಈಗಲೂ ನೆನಪಿದೆ: "ನನ್ ಕೂಲಿ ಕೊಟ್ಟಿದ್ರೆ ಇಷ್ಟೆಲ್ಲಾ ಯಾಕಪ್ಪಾ ಆಯ್ತಿತ್ತು?"

ಜಾಮೀನು ಅರ್ಜಿ ವಿಚಾರಣೆಗೆ ಬಂದಿದ್ದು ನಮಗೆ ನೋಟಿಸೇ ಇಲ್ಲದೆ. ಕೋರ್ಟಿನ ಪಟ್ಟಿಯನ್ನ ಹಿಂದಿನ ದಿನ ನೋಡಿದ್ದಕ್ಕೆ ಗೊತ್ತಾಯ್ತು. 15ಎ ಪ್ರಕಾರ ಸಂತ್ರಸ್ತರಿಗೆ ಪ್ರತಿ ವಿಚಾರಣೆಯ ಸೂಚನೆ ಕೊಡಬೇಕು, ಜಾಮೀನಿನ ಹೊತ್ತಲ್ಲಿ ಅವರ ಮಾತು ಕೇಳಬೇಕು. ವಕೀಲರು ಮೆಮೊ ಹಾಕಿದರು, ವಿಚಾರಣೆ ಒಂದು ವಾರ ಮುಂದಕ್ಕೆ ಹೋಯ್ತು. ಆಮೇಲೆ ಜಾಮೀನು ಸಿಕ್ತು ನಿಜ. ಆದ್ರೆ ಸಾಕ್ಷಿಗಳ ತಂಟೆಗೆ ಹೋಗಬಾರದು ಅನ್ನೋ ಷರತ್ತಿನ ಜೊತೆ ಸಿಕ್ತು.

ಆ ಷರತ್ತಿನ ಬೆಲೆ ಈಗ ಗೊತ್ತಾಗ್ತಿದೆ. ಐದು ಸಾಕ್ಷಿಗಳಲ್ಲಿ ಇಬ್ಬರು ಈಗಾಗಲೇ "ನಂಗೇನೂ ಕೇಳಿಸ್ಲಿಲ್ಲ" ಅಂತಿದ್ದಾರೆ. ಮೂರನೆಯವರ ಹಾಲಿಗೆ ಎರಡು ತಿಂಗಳಿಂದ "ಫ್ಯಾಟ್ ಬರ್ತಿಲ್ಲ" ಅಂತೆ. ಹಸು ಅದೇ, ಮೇವು ಅದೇ. ಯಾರೂ ಬೆದರಿಕೆ ಹಾಕಿಲ್ಲ, ಕೈ ಎತ್ತಿಲ್ಲ. ಸಾಕ್ಷಿ ಮುರಿಯೋದು ಹೀಗೆ. ಅವರ ಹಾಲಿನ ಚೀಟಿಗಳನ್ನ ದಿನದ ಪ್ರಕಾರ ಜೋಡಿಸಿ ಫೈಲಲ್ಲಿಟ್ಟಿದೀನಿ. ತಂಗಿ, ಅದನ್ನ ಸರ್ಕಾರಿ ವಕೀಲರಿಗೆ ತೋರಿಸಿ ಅರ್ಜಿ ಹಾಕಿಸೋದು ನಿನ್ನ ಮೊದಲ ಕೆಲಸ. ಸಾಕ್ಷಿಗಳಿಗೆ ಬಸ್ ಚಾರ್ಜು, ಆ ದಿನದ ಕನಿಷ್ಠ ಕೂಲಿ ಸಿಗಬೇಕು ಅಂತ ನಿಯಮ 11ರಲ್ಲಿದೆ. ಕೇಳದೆ ಯಾರೂ ಕೊಡಲ್ಲ. ಕೂಲಿ ಬಿಟ್ಟು ಮೂರು ಸಲ ಬಂದು, ಮೂರೂ ಸಲ ಮುಂದಕ್ಕೆ ಹೋದ್ರೆ ನಾಲ್ಕನೇ ಸಲ ಯಾರು ತಾನೇ ಬರ್ತಾರೆ?

ಮುಂದಿನ ತಿಂಗಳು ಅಕ್ಕನ ಸಾಕ್ಷಿ. ಹೇಳಿಕೊಟ್ಟು ಕಳಿಸಬೇಡಿ. ಅವರ ದೂರನ್ನ ಅವರಿಗೇ ಒಮ್ಮೆ ಓದಿ ಹೇಳಿ, ಸಾಕು. ಓದು ಬರದವರಿಗೆ ಮೂರು ವರ್ಷದ ಹಿಂದೆ ಬರೆಸಿದ್ದು ಅಕ್ಷರಕ್ಷರ ನೆನಪಿರಲ್ಲ. ಪಾಟೀಸವಾಲಿನಲ್ಲಿ ಹಿಡಿಯೋದು ಅಲ್ಲೇ.

ಇನ್ನು ಫೋನು ತಂಗಿಗೆ ಮಾಡಿ. ರಾತ್ರಿ ಅವಳು ಸಿಗದಿದ್ರೆ 14566ಕ್ಕೆ ಮಾಡಿ. ನನ್ನ ಹೆಸರು ನೋಟ್‌ಬುಕ್ಕಲ್ಲಿ ಒಂದೇ ಕಡೆ ಉಳಿದಿದೆ: ಆ ವಾಯಿದೆ ದಿನ ಅಕ್ಕನ್ನ, ಮೂರನೇ ಸಾಕ್ಷಿಯನ್ನ ಬೆಳಿಗ್ಗೆ ಏಳರ ಬಸ್ಸಿಗೆ ಹತ್ತಿಸಿ ಕರ್ಕೊಂಡು ಬರೋ ಕೆಲಸ. ಅದು ನಂದೇ ಇರಲಿ ಅಂತ ಕೇಳಿ ಇಸ್ಕೊಂಡೆ.

ಜೈಭೀಮ್.