ಹೊಳೆ ಬರುವ ಮೊದಲು ತೆಗೆದ ಫೋಟೋಗಳು

ಕೃಷ್ಣರಾಜಸಾಗರದಿಂದ ಬಿಟ್ಟ ನೀರೂ ಕಬಿನಿಯಿಂದ ಬಿಟ್ಟ ನೀರೂ ತಿರುಮಕೂಡಲಿನಲ್ಲಿ ಒಂದಾಗಿ ನಮ್ಮ ಕಡೆಗೆ ಬರುತ್ತವೆ. ಎರಡೂ ಅಣೆಕಟ್ಟೆಗಳು ಒಟ್ಟಿಗೆ ತುಂಬಿದ ವರ್ಷ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಮುಳ್ಳೂರು, ಹರಳೆ, ಹಳೇ ಹಂಪಾಪುರದಂಥ ಹೊಳೆದಂಡೆಯ ಊರುಗಳಿಗೆ ಅದು ಕೆಟ್ಟ ಸುದ್ದಿ. 2018ರಲ್ಲಿ ಹೊಳೆ ಊರೊಳಕ್ಕೆ ಬಂತು, 2019ರಲ್ಲಿ ಬಂತು, 2024ರಲ್ಲಿ ಮತ್ತೆ ಬಂತು. ಮೇಲಿನಿಂದ ನೀರು ಬಿಟ್ಟ ಸುದ್ದಿ ಮೊದಲೇ ಮುಟ್ಟುವುದರಿಂದ ಜನರಿಗೆ ಕೆಲವು ಗಂಟೆಗಳ ಸಮಯ ಸಿಗುತ್ತದೆ. ಅಷ್ಟರಲ್ಲಿ ದನಕರು, ಆಧಾರ್ ಕಾರ್ಡು, ಒಂದಿಷ್ಟು ಒಡವೆ, ಅಕ್ಕಿ ಮೂಟೆ ಹೊರಗೆ ಹೋಗುತ್ತವೆ. ಫ್ರಿಜ್ಜು, ಬೀರು, ಮಂಚ ಅಲ್ಲೇ ಉಳಿಯುತ್ತವೆ.

ನಮ್ಮ ಸೋದರತ್ತೆ ಇರುವುದು ಇಂಥದೇ ಒಂದು ಊರಿನಲ್ಲಿ. 2019ರ ಆಗಸ್ಟಿನಲ್ಲಿ ನೀರು ಇಳಿದ ಮೇಲೆ ಅವರ ಮನೆಯ ಕೆಸರು ಬಳಿಯಲು ಹೋಗಿದ್ದ ನಾನು, ಏನೇನು ಹೋಯಿತು ಅತ್ತೆ ಎಂದು ಕೇಳಿದೆ. ‘ಎಲ್ಲಾ ಹೋಯ್ತು ಬುಡು ಮಗ’ ಅಂದರು. ಬರೆದುಕೊಳ್ಳೋಣ ಎಂದು ಕೂತರೆ ಹತ್ತು ಹನ್ನೆರಡು ಸಾಮಾನಿನ ಮೇಲೆ ಹೆಸರು ಹೊರಡಲಿಲ್ಲ. ಉಳಿದವು ಒಂದೊಂದಾಗಿ ನೆನಪಾದದ್ದು ಬೇಕಾದಾಗ ಮಾತ್ರ. ಮಾರ್ನಮಿ ಪಕ್ಷದಲ್ಲಿ ಎಡೆ ಇಡಲು ಹೊರಟಾಗ ದೊಡ್ಡ ತಪ್ಪಲೆ ಇಲ್ಲವೆಂದು ಗೊತ್ತಾಯಿತು. ಚಳಿಗಾಲ ಬಂದಾಗ ಎರಡು ಕಂಬಳಿ ಇಲ್ಲವೆಂದು.

ಆ ವರ್ಷ ಸರ್ಕಾರದ ಪರಿಹಾರಕ್ಕೆ ಈ ಪಟ್ಟಿ ಬೇಕಾಗಲೂ ಇಲ್ಲ. ವಿಪತ್ತು ಪರಿಹಾರದ ನಿಯಮದಲ್ಲಿ ಬಟ್ಟೆಬರೆಗೆ 1,800, ಪಾತ್ರೆ ಪರಿಕರಕ್ಕೆ 2,000, ಒಟ್ಟು 3,800 ರೂಪಾಯಿ ಎಂದಿತ್ತು. ರಾಜ್ಯ ತನ್ನ ಹಣ ಸೇರಿಸಿ ಅದನ್ನು 10,000 ಮಾಡಿತು. ನೀರು ನುಗ್ಗಿದ ಎಲ್ಲ ಮನೆಗೂ ಅದೇ ಲೆಕ್ಕ. ನಿಮ್ಮ ಮನೆಯಲ್ಲಿ ಏನಿತ್ತು ಎಂದು ಯಾರೂ ಕೇಳುವುದಿಲ್ಲ. ವಿಮೆ ಹಾಗಲ್ಲ. ಅದು ಕೇಳುವುದೇ ಅದನ್ನು.

2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಮನೆ ವಿಮೆಯನ್ನು ಕೊಡಬೇಕಾಗಿದೆ. ಪ್ರವಾಹವೂ ಅದರೊಳಗೆ ಬರುತ್ತದೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಒಳಗಿನ ಸಾಮಾನಿಗೆ ತಾನಾಗಿ ಸೇರುತ್ತದೆ. ಅತ್ತೆಯ ಇಟ್ಟಿಗೆ ಗೋಡೆಯ ಮನೆಗೆ 8 ಲಕ್ಷ ಹಿಡಿದೆವು. ಸಾಮಾನಿಗೆ 1 ಲಕ್ಷ 60 ಸಾವಿರ ಬಂತು. ಇಷ್ಟಕ್ಕೆ ಮೊದಲೇ ಪಟ್ಟಿ ಕೊಡಬೇಕಿಲ್ಲ. ಆದರೆ ನಷ್ಟವಾದ ದಿನ ಸರ್ವೇಯರ್ ಬಂದು ನಿಂತಾಗ, ಇದ್ದದ್ದು ಇತ್ತು ಎಂದು ತೋರಿಸುವ ಹೊಣೆ ನಮ್ಮದೇ.

ಇದಕ್ಕೆ ನಾನೂ ಹನೂರಿನಲ್ಲಿರುವ ತಂಗಿಯೂ ಆರಿಸಿಕೊಂಡದ್ದು 2024ರ ಸಂಕ್ರಾಂತಿಯ ಮುಂಚಿನ ಶನಿವಾರ. ಹಬ್ಬಕ್ಕೆ ಸುಣ್ಣ ಬಳಿಯಲು ಸಾಮಾನೆಲ್ಲ ಹೇಗೂ ಹೊರಗೆ ಬರುತ್ತದೆ. ಅಟ್ಟದ ಮೇಲಿನದು, ಮಂಚದ ಕೆಳಗಿನದು, ಟ್ರಂಕಿನ ತಳದ್ದು, ಎಲ್ಲವೂ ಹಗಲು ಬೆಳಕಿನಲ್ಲಿ ಅಂಗಳದಲ್ಲಿರುವ ದಿನ ವರ್ಷಕ್ಕೆ ಅದೊಂದೇ. ಹಂಚಿನ ಮನೆಯ ಒಳಗಿನ ಕತ್ತಲಲ್ಲಿ ಫ್ಲಾಶ್ ಹಾಕಿ ತೆಗೆದರೆ ಸ್ಟೀಲು ಪಾತ್ರೆಯೆಲ್ಲ ಬರೀ ಬೆಳ್ಳಗೆ ಹೊಳೆಯುತ್ತದೆ, ಹಿಂದಿನದು ಕಾಣುವುದಿಲ್ಲ.

ಸಾಮಾನು ಹೊರಗೆ ತರುವ ಮೊದಲು ಪ್ರತಿ ಕೋಣೆಯನ್ನೂ ಬಾಗಿಲಲ್ಲಿ ನಿಂತು ಒಂದು, ಎದುರು ಮೂಲೆಯಿಂದ ಒಂದು ಎಂದು ತೆಗೆದೆವು. ವಸ್ತು ಯಾವ ಮನೆಯದು, ಎಲ್ಲಿತ್ತು ಎಂಬುದಕ್ಕೆ ಈ ಚಿತ್ರವೇ ಸಾಕ್ಷಿ. ಬರೀ ಫ್ರಿಜ್ಜಿನ ಫೋಟೋ ಯಾರ ಮನೆಯ ಫ್ರಿಜ್ಜಿನದಾದರೂ ಇರಬಹುದು. ಅತ್ತೆಯ ದೇವರ ಗೂಡಿನ ಪಕ್ಕ ನಿಂತ ಫ್ರಿಜ್ಜು ಅತ್ತೆಯದೇ. ಆಮೇಲೆ ಬೆಲೆಬಾಳುವ ಪ್ರತಿ ವಸ್ತುವಿಗೂ ಮೂರು ಚಿತ್ರ: ಪೂರ್ತಿ ವಸ್ತು, ಮಾದರಿ ಮತ್ತು ಕ್ರಮಸಂಖ್ಯೆ ಇರುವ ಚೀಟಿ, ಬಿಲ್ಲು. ಟೀವಿಗೆ ಆ ಚೀಟಿ ಬೆನ್ನಿನಲ್ಲಿರುತ್ತದೆ, ಮಿಕ್ಸಿಗೆ ತಳದಲ್ಲಿ, ಫ್ರಿಜ್ಜಿಗೆ ಹಿಂದುಗಡೆ ಅಥವಾ ಒಳಗೋಡೆಯಲ್ಲಿ. ತೆಗೆದ ಕೂಡಲೇ ಹಿಗ್ಗಿಸಿ ಓದಬೇಕು. 3 ಯಾವುದು 8 ಯಾವುದು ಎಂದು ತಿಳಿಯದಿದ್ದರೆ ಆ ಫೋಟೋ ಇದ್ದೂ ಇಲ್ಲದಂತೆ.

ಪಾತ್ರೆಗೆ ಬಿಲ್ಲು ಎಲ್ಲಿಂದ ತರುವುದು? ಅದಕ್ಕೆ ನಮ್ಮ ಹಿರಿಯರೇ ದಾರಿ ಮಾಡಿಟ್ಟಿದ್ದಾರೆ. ಕೊಡಪಾನದ ಕಂಠದಲ್ಲಿ, ತಟ್ಟೆಯ ಅಂಚಿನಲ್ಲಿ ಹೆಸರು ಕೊರೆಸಿರುತ್ತಾರೆ. ಮದುವೆಗೆ ಬಂದದ್ದಾದರೆ ಕೊಟ್ಟವರ ಹೆಸರು, ತಾರೀಖು ಕೂಡ. ಊರಿನ ಹತ್ತು ಮನೆಯ ಪಾತ್ರೆ ಒಂದು ಮದುವೆಯಲ್ಲಿ ಬೆರೆತಾಗ ಗುರುತು ಹಿಡಿಯಲು ಮಾಡಿದ ಏರ್ಪಾಡು ಅದು. ಕೊರೆದ ಅಕ್ಷರ ಕಾಣುವಂತೆ ಓರೆ ಬೆಳಕಿನಲ್ಲಿ ಅವುಗಳನ್ನು ತೆಗೆದೆವು. ಸೀರೆಗಳನ್ನು ಒಂದೊಂದಾಗಿ ಬಿಡಿಸಿ ಸೆರಗು, ಅಂಚು ಕಾಣಿಸಿದೆವು. ಮಧ್ಯಾಹ್ನದ ಹೊತ್ತಿಗೆ ಅತ್ತೆಗೆ ಸಾಕಾಯಿತು. ‘ಇನ್ನೆಷ್ಟು ಬಿಡಿಸ್ತೀರಿ, ಅವೇನು ಮಾರಕ್ಕಿಟ್ಟವಾ?’ ಎಂದು ಗದರಿ, ಉಳಿದ ಸೀರೆಗಳನ್ನು ಮಡಿಸಿದಂತೆಯೇ ಟ್ರಂಕಿನಲ್ಲಿ ಜೋಡಿಸಿಬಿಟ್ಟರು. ಆ ಗಂಟಿನದು ಒಂದೇ ಚಿತ್ರ.

ಸಂಜೆಗೆ ನೂರ ಅರವತ್ತು ಚಿಲ್ಲರೆ ಚಿತ್ರಗಳಾದವು. ಒಂದೊಂದು ಮೂರು ಎಂ.ಬಿ. ಅಂದರೂ ಎಲ್ಲ ಸೇರಿ ಅರ್ಧ ಜಿ.ಬಿ. ಮಾತ್ರ. ‘01 ನಡುಮನೆ’, ‘02 ಅಡುಗೆಮನೆ’, ‘03 ಅಟ್ಟ’ ಎಂದು ಕೋಣೆಗೊಂದು ಫೋಲ್ಡರ್ ಮಾಡಿದೆವು. ತಂಗಿ ಒಂದು ನೋಟುಬುಕ್ಕಿನಲ್ಲಿ ವಸ್ತು, ಕೊಂಡ ವರ್ಷ, ಬೆಲೆ, ಫೋಟೋ ಸಂಖ್ಯೆ ಬರೆದು ಆ ಪುಟಗಳನ್ನೂ ತೆಗೆದಳು.

ಅತ್ತೆಯ ಮಗ ಆಗಲೇ ಎಲ್ಲವನ್ನೂ ಮನೆಯ ವಾಟ್ಸಾಪ್ ಗುಂಪಿಗೆ ಹಾಕಲು ಹೊರಟಿದ್ದ. ತಡೆದೆವು. ಕ್ಯಾಮೆರಾ ತೆಗೆದ ಫೋಟೋದೊಳಗೆ ತೆಗೆದ ದಿನ, ಗಂಟೆ, ಫೋನಿನ ಹೆಸರು, ಲೊಕೇಶನ್ ಆನ್ ಇದ್ದರೆ ಜಾಗ ಕೂಡ ಬರೆದುಕೊಂಡಿರುತ್ತದೆ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಈ ಬರಹವೂ ಉದುರಿಹೋಗುತ್ತದೆ. ಫೈಲಿನ ಹೆಸರು ನೋಡಿದರೆ ಗೊತ್ತಾಗುತ್ತದೆ: `IMG_20240113_103215.jpg` ಎಂದಿದ್ದರೆ ಕ್ಯಾಮೆರಾದ್ದು, `IMG-20240113-WA0003.jpg` ಎಂದಿದ್ದರೆ ವಾಟ್ಸಾಪಿನಿಂದ ಬಂದದ್ದು, ಅದರಲ್ಲಿರುವ ತಾರೀಖು ಫೋಟೋ ತೆಗೆದ ದಿನದ್ದೇ ಆಗಿರಬೇಕೆಂದಿಲ್ಲ. ಕಳಿಸಲೇಬೇಕಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಬೇಕು. ಅದೂ ಅಲ್ಲದೆ ಒಡವೆ ಇರುವ ಬೀರುವಿನ ಫೋಟೋ ನಲವತ್ತು ಜನರ ಗುಂಪಿನಲ್ಲಿ ಯಾಕಿರಬೇಕು?

ಇಡುವ ಜಾಗದ ಮಾತು ಬಂದಾಗ ನನಗೆ ಯಳಂದೂರಿನ ಗೆಳೆಯನ ನೆನಪಾಯಿತು. ಅವನು ನಮಗಿಂತ ಮೊದಲೇ ಮನೆಯ ಫೋಟೋ ತೆಗೆದಿಟ್ಟವನು. 2022ರಲ್ಲಿ ಸುವರ್ಣಾವತಿ ಉಕ್ಕಿದಾಗ ಸಾಮಾನಿನ ಜೊತೆಗೆ ಫೋಟೋಗಳಿದ್ದ ಫೋನೂ ಮುಳುಗಿತು. ಹಾಗಾಗಿ ನಾವು ಮಾಡಿದ್ದು ಇಷ್ಟು: ಒಂದು ಪ್ರತಿ ತಂಗಿಯ ಗೂಗಲ್ ಖಾತೆಯಲ್ಲಿ, ಇನ್ನೊಂದು ಪೆನ್‌ಡ್ರೈವಿನಲ್ಲಿ. ಪೆನ್‌ಡ್ರೈವು ಹೊಳೆಯಿಂದ ದೂರದ ಹನೂರಿನಲ್ಲಿ, ತಂಗಿಯ ಬೀರುವಿನಲ್ಲಿ. ಗೂಗಲ್ ಫೋಟೋಸ್ ಒಂದನ್ನೇ ನಂಬದಿರಲು ಕಾರಣವಿದೆ. ಫೋನಿನಲ್ಲಿ ಜಾಗ ಸಾಲದೆಂದು ಆ ಆ್ಯಪಿನಲ್ಲಿ ಒಂದು ಚಿತ್ರ ಅಳಿಸಿದರೆ ಖಾತೆಯಲ್ಲಿದ್ದದ್ದೂ ಕಸದ ಬುಟ್ಟಿಗೆ ಹೋಗುತ್ತದೆ. 60 ದಿನ ಕಳೆದರೆ ಅಲ್ಲಿಂದಲೂ ಮಾಯ. ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ತೆಗೆದುಹಾಕಬಹುದು. ಪೆನ್‌ಡ್ರೈವೂ ಶಾಶ್ವತವಲ್ಲ, ಆದ್ದರಿಂದ ಪ್ರತಿ ಸಂಕ್ರಾಂತಿಗೆ ಚುಚ್ಚಿ ನೋಡಿ ಹೊಸ ಸಾಮಾನು ಸೇರಿಸುತ್ತೇವೆ.

ಆ ವರ್ಷವೇ ಮಳೆಗಾಲದಲ್ಲಿ ಹೊಳೆ ಬಂತು. ಅತ್ತೆಯ ಮನೆಯೊಳಗೆ ಮೊಣಕಾಲುದ್ದ ನೀರು ಎರಡು ದಿನ ನಿಂತಿತು. ಕಾಳಜಿ ಕೇಂದ್ರದಿಂದ ಮರಳಿದವರು ಮೊದಲು ಪೊರಕೆ ಹಿಡಿಯುತ್ತಾರೆ. ನಾವು ಒಂದು ಗಂಟೆ ತಡೆಯಿರಿ ಎಂದೆವು. ಗೋಡೆಯ ಮೇಲಿನ ನೀರಿನ ಗೆರೆಗೆ ಟೇಪು ಹಿಡಿದು ಒಂದು ಚಿತ್ರ, ಆಮೇಲೆ ಸಂಕ್ರಾಂತಿಯಲ್ಲಿ ನಿಂತಿದ್ದ ಅದೇ ಬಾಗಿಲುಗಳಲ್ಲಿ ನಿಂತು ಅದೇ ಕೋಣೆಗಳು. ಕೆಟ್ಟ ಸಾಮಾನನ್ನು ಸರ್ವೇಯರ್ ನೋಡುವವರೆಗೆ ಎಸೆಯದೆ ಹಿತ್ತಲಲ್ಲಿ ಇಟ್ಟೆವು.

ಫ್ರಿಜ್ಜಿನ ಬೆನ್ನಿನ ಚೀಟಿ ನೀರಿಗೆ ಕಿತ್ತುಹೋಗಿತ್ತು. ಅದರ ಸಂಖ್ಯೆ ಉಳಿದಿದ್ದದ್ದು ಫೋಟೋದಲ್ಲಿ ಮಾತ್ರ, ಬಿಲ್ಲಿನ ಸಂಖ್ಯೆಗೆ ತಾಳೆಯಾಯಿತು. ಮಿಕ್ಸಿಗೆ ಬಿಲ್ಲಿರಲಿಲ್ಲ, ಫೋಟೋ ಅದು ಇತ್ತೆಂದು ಹೇಳಿತೇ ಹೊರತು ಕೊಟ್ಟ ಬೆಲೆ ಹೇಳಲಿಲ್ಲ, ಸರ್ವೇಯರ್ ಅಂಥದ್ದರ ಮಾರುಕಟ್ಟೆ ಬೆಲೆ ಹಿಡಿದರು. ಬಿಡಿಸಿ ತೆಗೆದಿದ್ದ ಸೀರೆಗಳು ಲೆಕ್ಕಕ್ಕೆ ಬಂದವು. ಮಡಿಸಿದ ಗಂಟಿನಲ್ಲಿದ್ದದ್ದು ರೇಷ್ಮೆಯೋ ಪಾಲಿಯೆಸ್ಟರೋ ಚಿತ್ರದಿಂದ ಹೇಳಲಾಗಲಿಲ್ಲ, ಅವು ಬಿಟ್ಟುಹೋದವು. ‘ನೀನೇ ಸರಿ, ಬಿಡಿಸ್ಬೇಕಿತ್ತು ಕಣವ್ವ’ ಎಂದು ಅತ್ತೆ ತಂಗಿಗೆ ಹೇಳಿದರು.

ಪಕ್ಕದ ಮನೆಯವರು ಮಗ್ಗ ಇಟ್ಟುಕೊಂಡವರು. ಅದಕ್ಕೂ ಹೀಗೇ ಸಿಗುತ್ತದಾ ಎಂದು ಕೇಳಿದರು. ಮನೆಯೊಳಗಿದ್ದರೂ ಮಗ್ಗ ದುಡಿಮೆಯ ಸ್ವತ್ತು. ಮನೆಯ ಪಾಲಿಸಿಯಲ್ಲಿ ಗೃಹೋಪಯೋಗಿ ಸಾಮಾನಿನ ಸಾಲಿಗೆ ಅದು ಸೇರುವುದಿಲ್ಲ. ಅದಕ್ಕೆ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಎಂಬ ಬೇರೆ ಪಾಲಿಸಿ ಇದೆ.

ಅತ್ತೆಯ ಮನೆಯಲ್ಲೂ ಯಾವ ಸಾಲಿಗೂ ಸೇರದ ಒಂದು ವಸ್ತುವಿತ್ತು. ಮಾವ ಕಂಸಾಳೆ ಹಿಡಿದು ಮಾದಪ್ಪನ ಪದ ಹಾಡುತ್ತಿದ್ದವರು. ಕೊನೆಯ ವರ್ಷಗಳಲ್ಲಿ ಮರೆವು ಶುರುವಾಯಿತೆಂದು ಗೊತ್ತಿದ್ದ ಪದಗಳನ್ನೆಲ್ಲ ಒಂದು ಉದ್ದ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಮನೆ ವಿಮೆಯ ನಿಯಮದಲ್ಲಿ ಹಸ್ತಪ್ರತಿಗಳು ಹೊರಗೆ, ನಗದು ಹಣದಂತೆಯೇ. ಸಂಕ್ರಾಂತಿಯ ದಿನ ತಂಗಿ ಅದರ ನೂರ ಹನ್ನೆರಡು ಪುಟಗಳನ್ನೂ ತೆಗೆದಾಗ, ಇದಕ್ಕೇನು ದುಡ್ಡು ಬರುತ್ತದಾ ಎಂದು ಭಾವ ನಕ್ಕಿದ್ದರು. ಮಾವನ ಪುಸ್ತಕ ಬೀರುವಿನ ಕೆಳಗಿನ ಅರೆಯಲ್ಲೇ ಇತ್ತು. ನೀರಿಳಿದಾಗ ಪುಟಗಳು ಅಂಟಿ ಒಂದು ಇಟ್ಟಿಗೆಯಾಗಿತ್ತು, ಶಾಯಿಯೆಲ್ಲ ನೀಲಿ ಕಲೆ.

ಈಗ ಆ ಪದಗಳು ಹನೂರಿನ ಪೆನ್‌ಡ್ರೈವಿನಲ್ಲಿ ‘07 ಮಾವ’ ಎಂಬ ಫೋಲ್ಡರಿನಲ್ಲಿವೆ. ತಂಗಿ ಅಚ್ಚು ಹಾಕಿಸಿ ಅತ್ತೆಗೆ ತಂದುಕೊಟ್ಟಿದ್ದಾಳೆ. ಓದಲು ಬಾರದ ಅತ್ತೆ ಒಂದೊಂದು ಪುಟ ತೋರಿಸಿ, ಇದ್ಯಾವ ಪದ ಎಂದು ಕೇಳುತ್ತಾರೆ. ಮೊದಲ ಸಾಲು ಓದಿದರೆ ಸಾಕು, ಮುಂದಿನದನ್ನು ಅವರೇ ಹೇಳುತ್ತಾರೆ.