ಮಾನಿಟರ್ ಕೆಟ್ಟಿರಲಿಲ್ಲ

ಹೋದ ಸೆಮಿಸ್ಟರ್‌ನಲ್ಲಿ ನಾವು ಮೂರು ಜನ ರೂಮ್‌ಮೇಟ್ಸ್ ದುಡ್ಡು ಸೇರಿಸಿ, ಸೀನಿಯರ್ ಒಬ್ಬರ ಹತ್ರ ಸೆಕೆಂಡ್ ಹ್ಯಾಂಡ್ ಗೇಮಿಂಗ್ ಮಾನಿಟರ್ ತಗೊಂಡ್ವಿ. "ಎರಡು ದಿನ ನೋಡಿ, ಬೇಡ ಅಂದ್ರೆ ವಾಪಸ್ ಕೊಡಿ" ಅಂದಿದ್ರು. ರೂಮಿಗೆ ತಂದು ಆನ್ ಮಾಡಿದ್ರೆ ಸ್ಕ್ರೀನ್ ಮಂಕೋ ಮಂಕು. ಬ್ರೈಟ್‌ನೆಸ್ 100ಕ್ಕೆ ಏರಿಸಿದ್ರೂ ಅಷ್ಟೇ. ಮೋಸ ಹೋದ್ವಿ ಅಂದ್ಕೊಂಡು ಬಾಕ್ಸ್‌ಗೆ ವಾಪಸ್ ತುಂಬೋಕೆ ಹೊರಟಾಗ, ನಮ್ಮಲ್ಲೊಬ್ಬ ಸ್ಕ್ರೀನ್ ಮುಂದೆ ಕೈ ಆಡಿಸಿದ. ಒಂದು ಬೆರಳು ನಾಲ್ಕೈದು ಬಿಡಿ ಬಿಡಿ ಬೆರಳುಗಳಾಗಿ ಕಾಣಿಸ್ತು. ಅಂದ್ರೆ ಬ್ಯಾಕ್‌ಲೈಟ್ ಒಂದೇ ಸಮ ಉರೀತಿಲ್ಲ, ಮಿಟುಕಿಸ್ತಿದೆ! ಸೀನಿಯರ್ ಸ್ಟ್ರೋಬಿಂಗ್ ಆನ್ ಮಾಡಿಟ್ಟು ಮರೆತಿದ್ರು.

ಎಲ್‌ಸಿಡಿ ಮಾನಿಟರ್ 120 ಹರ್ಟ್ಜ್‌ನಲ್ಲಿ ಒಂದೊಂದು ಫ್ರೇಮನ್ನೂ ಸುಮಾರು 8.3 ಮಿಲಿಸೆಕೆಂಡ್ ಅಲ್ಲಾಡದೆ ಹಿಡಿದು ತೋರಿಸುತ್ತದೆ. ಆದರೆ ಓಡುವ ಶತ್ರುವನ್ನು ಹಿಂಬಾಲಿಸುವ ನಮ್ಮ ಕಣ್ಣು ನಿಲ್ಲುವುದಿಲ್ಲ. ಅವನು ಸೆಕೆಂಡಿಗೆ 960 ಪಿಕ್ಸೆಲ್ ಓಡಿದರೆ, ಒಂದು ಫ್ರೇಮ್ ನಿಂತಿರುವಷ್ಟರಲ್ಲಿ ಕಣ್ಣು 8 ಪಿಕ್ಸೆಲ್ ಮುಂದೆ ಹೋಗಿರುತ್ತದೆ. ಆ 8 ಪಿಕ್ಸೆಲ್ಲೇ ನಮಗೆ ಕಾಣುವ ಬ್ಲರ್. ಸ್ಟ್ರೋಬಿಂಗ್‌ನಲ್ಲಿ ಬ್ಯಾಕ್‌ಲೈಟ್ ಪ್ರತಿ ಫ್ರೇಮಿಗೆ 1 ಮಿಲಿಸೆಕೆಂಡ್ ಮಾತ್ರ ಬೆಳಗಿ ಆರಿಹೋಗುತ್ತದೆ. ಆಗ ಬ್ಲರ್ ಬರೀ 1 ಪಿಕ್ಸೆಲ್.

ಆದರೆ 8.3ರಲ್ಲಿ 1 ಅಂದ್ರೆ ಬೆಳಕು ಶೇಕಡಾ 12 ಮಾತ್ರ. ನಮ್ಮದು 300 ನಿಟ್ಸ್ ಮಾನಿಟರ್. ಉಳಿದದ್ದು 36 ನಿಟ್ಸ್. ಕೆಲವು ಮಾನಿಟರ್‌ಗಳು ಆ ಒಂದು ಕ್ಷಣ ಎಲ್‌ಇಡಿಗೆ ಹೆಚ್ಚು ಕರೆಂಟ್ ಕೊಟ್ಟು ಇದನ್ನು ಸರಿದೂಗಿಸುತ್ತವೆ. ನಮ್ಮದು ಆ ಜಾತಿ ಅಲ್ಲ.

ಮೆನುವಿನಲ್ಲಿ Pulse Width ಅಂತ ಇತ್ತು. ಅದನ್ನು 2 ಮಿಲಿಸೆಕೆಂಡ್‌ಗೆ ಏರಿಸಿದಾಗ ಬೆಳಕು ಸುಮಾರು 72 ನಿಟ್ಸ್, ಬ್ಲರ್ 2 ಪಿಕ್ಸೆಲ್. ಒಂದನ್ನು ಡಬಲ್ ಮಾಡಿದ್ರೆ ಇನ್ನೊಂದೂ ಡಬಲ್. ಕರ್ಟನ್ ಎಳೆದರೆ 72 ಸಾಕಾಗ್ತಿತ್ತು.

ಆಮೇಲೆ ಇನ್ನೊಂದು ಕಾಟ. ಗೇಮ್‌ನಲ್ಲಿ ಹೊಗೆ ತುಂಬಿದಾಗ ಎಫ್‌ಪಿಎಸ್ 120ರಿಂದ ಕೆಳಗಿಳಿದು, ಶತ್ರು ಎರಡೆರಡು ಕಾಣೋಕೆ ಶುರುವಾದ. ಹೊಸ ಫ್ರೇಮ್ ಬರದಿದ್ದಾಗ ಹಳೆಯದೇ ಎರಡು ಸಲ ಮಿಂಚುತ್ತದೆ. ಅಷ್ಟರಲ್ಲಿ ಕಣ್ಣು ಮುಂದೆ ಹೋಗಿರುವುದರಿಂದ ಅದು ಎರಡು ಜಾಗದಲ್ಲಿ ಬೀಳುತ್ತದೆ. ಗ್ರಾಫಿಕ್ಸ್ ಸೆಟ್ಟಿಂಗ್ ಇಳಿಸಿ, ಎಫ್‌ಪಿಎಸ್ 120ರಲ್ಲಿ ನಿಲ್ಲುವಂತೆ ಮಾಡಿದ ಮೇಲೆ ಒಬ್ಬನೇ ಉಳಿದ.

ನಮ್ಮಲ್ಲೊಬ್ಬನಿಗೆ ಆ ಮಿಟುಕಿನಿಂದ ಅರ್ಧ ಗಂಟೆಗೇ ತಲೆನೋವು ಬರುತ್ತೆ. ಹಾಗಾಗಿ ಈಗ ನಮ್ಮ ರೂಮಿನ ರೂಲ್ ಇಷ್ಟೇ: ಹಗಲು, ಅಸೈನ್‌ಮೆಂಟ್, ಅವನ ಸರದಿ ಇದ್ದಾಗ ಸ್ಟ್ರೋಬ್ ಆಫ್. ರಾತ್ರಿ ಮ್ಯಾಚ್‌ಗೆ ಲೈಟ್ ಆರಿಸಿ, ಆನ್. ಮಾನಿಟರ್ ವಾಪಸ್ ಕೊಡಲಿಲ್ಲ. ಬೇರೆ ಯಾರಾದ್ರೂ ಮಂಕಾದ ಗೇಮಿಂಗ್ ಮಾನಿಟರ್ ತಗೊಂಡಿದ್ರೆ, ಬೈಯೋ ಮುಂಚೆ ಒಂದ್ಸಲ ಅದರ ಮುಂದೆ ಕೈ ಆಡಿಸಿ ನೋಡಿ.